ಬಸುರಿಯ ಮನೆಯ ಬೆಕ್ಕು

"ಬಸುರಿ ಹೆಂಗಸು ಇರೋ ಮನೇಲಿ ಬೆಕ್ಕು ಇರಬಾರದಂತೆ." ಈ ಮಾತನ್ನು ನೀವೂ ಕೇಳಿರುತ್ತೀರಿ. ಹೇಳುವವರು ಬರೀ ಅಜ್ಜಿಯರಲ್ಲ, ಡಾಕ್ಟರುಗಳೂ ಹೇಳುತ್ತಾರೆ. ಮೊದಲೆಲ್ಲ ಬೆಕ್ಕಿನ ಕೂದಲು ಹೊಟ್ಟೆಗೆ ಹೋದರೆ ಕೆಟ್ಟದ್ದು ಅನ್ನುತ್ತಿದ್ದರು. ಈಗ ಅದೇ ಮಾತಿಗೆ ಟಾಕ್ಸೊಪ್ಲಾಸ್ಮಾ ಅನ್ನೋ ದೊಡ್ಡ ಹೆಸರು ಸೇರಿಕೊಂಡು ಇನ್ನಷ್ಟು ತೂಕ ಬಂದಿದೆ. ಆಮೇಲೆ ಏನಾಗುತ್ತೆ ಅಂತ ಗೊತ್ತೇ ಇದೆಯಲ್ಲ. ಬೆಕ್ಕು ಗೋಣಿಚೀಲದೊಳಗೆ, ಗೋಣಿಚೀಲ ಸ್ಕೂಟರಿನ ಮೇಲೆ, ಸ್ಕೂಟರು ಯಾವುದೋ ಮಾರ್ಕೆಟ್ಟಿನ ಹಿಂದೆ.

ನನ್ನ ವಾದ ಇಷ್ಟೇ. ರೋಗ ನಿಜ, ಬಸುರಿಗೆ ಭಯ ಇರಬೇಕಾದದ್ದೂ ನಿಜ. ಆದರೆ ಬೆಕ್ಕನ್ನು ಓಡಿಸೋದು ಆ ಭಯಕ್ಕೆ ಔಷಧಿ ಅಲ್ಲ. ಯಾಕೆ ಅಂತ ತಿಳಿಯಬೇಕಾದರೆ ಈ ಕ್ರಿಮಿ ಹೇಗೆ ಓಡಾಡುತ್ತೆ ಅನ್ನೋದನ್ನ ಸ್ವಲ್ಪ ನೋಡಬೇಕು. ನಾನು ಡಾಕ್ಟರಲ್ಲ, ಕೋಡು ಬರೆಯೋನು. ನಮ್ಮ ಅಕ್ಕನ ಬಸುರಿನಲ್ಲಿ ಇದೇ ವಿಷಯ ಮನೆಗೆ ಬಂದಾಗ ಕೂತು ಓದಬೇಕಾಯಿತು, ಅದಕ್ಕೇ ಈ ಬರಹ.

ಟಾಕ್ಸೊಪ್ಲಾಸ್ಮಾ ಒಂದು ಏಕಕೋಶಿ ಪರಾವಲಂಬಿ. ಇಲಿ, ಕೋಳಿ, ಕುರಿ, ಮನುಷ್ಯ, ಯಾರ ಮೈಯಲ್ಲಾದರೂ ಇರಬಲ್ಲದು. ಆದರೆ ಅದರ ಮೊಟ್ಟೆಯಂಥ ರೂಪ ತಯಾರಾಗೋದು ಬೆಕ್ಕಿನ ಜಾತಿಯ ಪ್ರಾಣಿಗಳ ಕರುಳಿನಲ್ಲಿ ಮಾತ್ರ. ಬೆಕ್ಕಿನ ಮೇಲೆ ಆಪಾದನೆ ಬಂದದ್ದು ಅದಕ್ಕೇ, ಆಪಾದನೆ ಸುಳ್ಳೂ ಅಲ್ಲ. ಆದರೆ ಷರತ್ತುಗಳನ್ನ ಯಾರೂ ಓದೋದಿಲ್ಲ. ಬೆಕ್ಕು ಸೋಂಕಿರುವ ಇಲಿಯನ್ನೋ ಹಕ್ಕಿಯನ್ನೋ ಹಸಿ ಮಾಂಸವನ್ನೋ ತಿಂದು ಮೊದಲ ಸಲ ಸೋಂಕು ಹತ್ತಿಸಿಕೊಂಡಾಗ, ಒಂದರಿಂದ ಮೂರು ವಾರ ಅದರ ಮಲದಲ್ಲಿ ಈ ಮೊಟ್ಟೆಗಳು ಲಕ್ಷಗಟ್ಟಲೆ ಬೀಳುತ್ತವೆ. ಆಮೇಲೆ ಅದಕ್ಕೆ ನಿರೋಧಕ ಶಕ್ತಿ ಬಂದು ನಿಲ್ಲುತ್ತೆ. ಸಾಮಾನ್ಯವಾಗಿ ಬೆಕ್ಕಿನ ಇಡೀ ಜನ್ಮಕ್ಕೆ ಅದೊಂದೇ ಸರದಿ. ಮತ್ತೆ ಬೀಳೋದು ಅಪರೂಪ.

ಇನ್ನೊಂದು ಷರತ್ತು ಇದೆ, ಅದೇ ನನಗೆ ಬಹಳ ಇಷ್ಟವಾದದ್ದು. ಆಗಷ್ಟೇ ಬಿದ್ದ ಮಲದಲ್ಲಿರೋ ಮೊಟ್ಟೆ ಯಾರಿಗೂ ರೋಗ ತರೋದಿಲ್ಲ. ಅದು ಹೊರಗಿನ ಗಾಳಿ, ತೇವದಲ್ಲಿ ಕೂತು ಬಲಿಯಬೇಕು, ಅದಕ್ಕೆ ಒಂದರಿಂದ ಐದು ದಿನ ಬೇಕು. ಅಂದರೆ ಬೆಕ್ಕಿನ ಮರಳಿನ ಟ್ರೇಯನ್ನು ಪ್ರತಿದಿನ ತಪ್ಪದೆ ಖಾಲಿ ಮಾಡಿದರೆ, ಬೆಕ್ಕು ಆ ಮೂರು ವಾರದ ಸರದಿಯಲ್ಲೇ ಇದ್ದರೂ ಮೊಟ್ಟೆಗಳು ಬಲಿಯೋ ಮೊದಲೇ ಮನೆಯಿಂದ ಹೊರಗೆ ಹೋಗಿರುತ್ತವೆ. ವಾರಕ್ಕೊಂದು ಸಲ ತೊಳೆಯುವ ಮನೆಯಲ್ಲಿ ಲೆಕ್ಕ ಪೂರ್ತಿ ಬೇರೆ. ಕೊನೇ ಷರತ್ತು, ಬಲಿತ ಆ ಮೊಟ್ಟೆ ಬಾಯಿಗೇ ಹೋಗಬೇಕು, ಅದೂ ಈ ಮೊದಲು ಎಂದೂ ಸೋಂಕಾಗದ ಹೆಂಗಸಿನ ಬಾಯಿಗೆ. ನಮ್ಮ ಭಾಷೆಯಲ್ಲಿ ಹೇಳಬೇಕಂದರೆ ಇದು ನಾಲ್ಕು ಕಂಡೀಷನ್ ಒಟ್ಟಿಗೆ ನಿಜವಾದರೆ ಮಾತ್ರ ಓಡೋ ಕೋಡು. :-)

ಹಾಗಾಗಿ ಬೆಕ್ಕನ್ನು ಮುದ್ದಾಡಿದರೆ, ತೊಡೆ ಮೇಲೆ ಮಲಗಿಸಿಕೊಂಡರೆ ಬರುತ್ತೆ ಅನ್ನೋ ಮಾತು ನಿಲ್ಲೋದಿಲ್ಲ. ಬೆಕ್ಕು ದಿನವೆಲ್ಲ ಮೈ ನೆಕ್ಕಿಕೊಂಡು ಕೂರೋ ಪ್ರಾಣಿ, ಅದರ ತುಪ್ಪಳದ ಮೇಲೆ ಮೊಟ್ಟೆ ಕೂತು ದಿನಗಟ್ಟಲೆ ಬಲಿಯೋಕೆ ಅವಕಾಶವೇ ಕಡಿಮೆ. ಕೂದಲಿನ ಕಥೆಯಂತೂ ಬಿಟ್ಟೇಬಿಡಿ.

"ಹಾಗಾದ್ರೆ ಬೆಕ್ಕಿನ ರಕ್ತ ಪರೀಕ್ಷೆ ಮಾಡಿಸೋಣ" ಅನ್ನುವವರಿದ್ದಾರೆ. ಇಲ್ಲಿ ತಮಾಷೆ ಇದೆ. ರಕ್ತದಲ್ಲಿ ಪ್ರತಿಕಾಯ ಸಿಕ್ಕ ಬೆಕ್ಕು ಬಹುಮಟ್ಟಿಗೆ ತನ್ನ ಸರದಿಯನ್ನು ಮುಗಿಸಿದ ಬೆಕ್ಕು, ಅಂದರೆ ಕಡಿಮೆ ಅಪಾಯದ್ದು. ಏನೂ ಸಿಗದ ಬೆಕ್ಕು ನಾಳೆ ಇಲಿ ಹಿಡಿದರೆ ಮೊಟ್ಟೆ ಹಾಕಬಹುದು. ರಿಪೋರ್ಟಿನಲ್ಲಿ 'ನೆಗೆಟಿವ್' ನೋಡಿ ಖುಷಿಪಡೋ ವಿಷಯ ಅಲ್ಲ ಇದು. ಹಾಗೇ "ನಮ್ಮ ಬೆಕ್ಕಿಗೆ ಎಲ್ಲಾ ಇಂಜೆಕ್ಷನ್ ಆಗಿದೆ" ಅನ್ನೋ ಧೈರ್ಯವೂ ಬೇಡ. ಬೆಕ್ಕಿಗೆ ಹಾಕಿಸೋ ಲಸಿಕೆಗಳಲ್ಲಿ ಈ ಕ್ರಿಮಿಗೆ ಯಾವುದೂ ಇಲ್ಲ. ನಿಜವಾಗಿ ಎಚ್ಚರ ಬೇಕಾದದ್ದು ಮರಿಬೆಕ್ಕಿನ ವಿಷಯದಲ್ಲಿ, ಹೊಸದಾಗಿ ಬೇಟೆ ಕಲಿತ ಬೆಕ್ಕಿನ ವಿಷಯದಲ್ಲಿ. ಬಸುರಿನ ತಿಂಗಳುಗಳಲ್ಲಿ ಬೀದಿಯಿಂದ ಹೊಸ ಮರಿ ತರಬೇಡಿ. ಹಳೇ ಬೆಕ್ಕಿಗೆ ಹಸಿ ಮಾಂಸ ಹಾಕಬೇಡಿ.

ಇನ್ನೊಂದು ವಿಷಯ. ನಮ್ಮೂರಿನ ಬೆಕ್ಕುಗಳಲ್ಲಿ ಟ್ರೇ ಬಳಸೋವು ಎಷ್ಟು? ಅವು ಹೋಗೋದು ಎದುರು ಸೈಟಿನಲ್ಲಿ ಸುರಿದ ಮರಳಿನ ಗುಡ್ಡೆಗೆ, ಹಿತ್ತಲಿನ ಪಾತಿಗೆ, ತಾರಸಿಯ ಹೂಕುಂಡಕ್ಕೆ. ಅಲ್ಲಿ ಬರೀ ನಿಮ್ಮ ಬೆಕ್ಕಲ್ಲ, ಬೀದಿಯ ಬೆಕ್ಕುಗಳೆಲ್ಲ ಹೋಗುತ್ತವೆ. ಒದ್ದೆ ಮಣ್ಣಿನಲ್ಲಿ ಬಲಿತ ಮೊಟ್ಟೆ ಒಂದು ವರ್ಷದ ಮೇಲೂ ಬದುಕಿರಬಲ್ಲದು. ನಿಮ್ಮ ಬೆಕ್ಕನ್ನು ಮಾರ್ಕೆಟ್ಟಿಗೆ ಬಿಟ್ಟು ಬಂದ ಮಾತ್ರಕ್ಕೆ ಹಿತ್ತಲಿನ ಮಣ್ಣು ಬದಲಾಗುತ್ತಾ? ಬರಿಗೈಲಿ ಕೊತ್ತಂಬರಿ ಪಾತಿ ಕೆದಕಿ, ಕೈ ತೊಳೆಯದೆ ಅಡುಗೆಮನೆಗೆ ಹೋಗೋ ಬಸುರಿಗೆ ಬೆಕ್ಕಿಲ್ಲದ ಮನೆಯಲ್ಲೂ ಅಪಾಯ ಅಷ್ಟೇ ಇದೆ.

ಸಸ್ಯಾಹಾರಿಗಳ ಕಥೆ ಕೇಳಿ. 1959ರಲ್ಲಿ ಬಾಂಬೆಯಲ್ಲಿ ಸಸ್ಯಾಹಾರಿಗಳ ಮತ್ತು ಮಾಂಸಾಹಾರಿಗಳ ರಕ್ತ ಪರೀಕ್ಷೆ ಮಾಡಿ ಹೋಲಿಸಿದರು. ಎರಡೂ ಗುಂಪಿನಲ್ಲಿ ಈ ಸೋಂಕು ಹೆಚ್ಚುಕಮ್ಮಿ ಒಂದೇ ಸಮ ಇತ್ತು. ಮಾಂಸದಿಂದ ಮಾತ್ರ ಬರೋದಾದರೆ ಮಾಂಸ ಮುಟ್ಟದವರಿಗೆ ಹೇಗೆ ಬಂತು? ಆ ಒಗಟಿಗೆ ಉತ್ತರ ಸಿಕ್ಕಿದ್ದು 1970ರ ಸುಮಾರಿಗೆ, ಬೆಕ್ಕಿನ ಮಲದಲ್ಲಿ ಈ ಮೊಟ್ಟೆಗಳು ಪತ್ತೆಯಾದಾಗ. ಅಂದರೆ ಸಸ್ಯಾಹಾರಿಗಳಿಗೆ ಮಣ್ಣು, ತರಕಾರಿ, ನೀರಿನ ದಾರಿ. ನೀರು ಅಂದೆ, 2004ರಲ್ಲಿ ಪಕ್ಕದ ಕೊಯಮತ್ತೂರಿನಲ್ಲಿ ಈ ಸೋಂಕಿನಿಂದ ಕಣ್ಣಿನ ತೊಂದರೆ ಆದವರ ಸಂಖ್ಯೆ ಇದ್ದಕ್ಕಿದ್ದಂತೆ ಏರಿತು, ಸಂಶಯ ಹೋದದ್ದು ಊರಿಗೆ ಬರುವ ನಲ್ಲಿ ನೀರಿನ ಮೇಲೆ. ನೀರಿಗೆ ಹಾಕೋ ಕ್ಲೋರಿನ್ನಿಗೆ ಈ ಮೊಟ್ಟೆ ಜಗ್ಗೋದಿಲ್ಲ, ಕುದಿಸಿದರೆ ಸಾಯುತ್ತೆ.

ಮಾಂಸದ ದಾರಿಯೂ ಸಣ್ಣದಲ್ಲ. 2000ದಲ್ಲಿ ಪ್ರಕಟವಾದ, ಯುರೋಪಿನ ಹಲವು ಊರುಗಳ ಬಸುರಿಯರ ಮೇಲೆ ಮಾಡಿದ ಅಧ್ಯಯನದಲ್ಲಿ ನೂರಕ್ಕೆ 30ರಿಂದ 63ರಷ್ಟು ಸೋಂಕಿಗೆ ಕಾರಣ ಸರಿಯಾಗಿ ಬೇಯದ ಮಾಂಸ, 6ರಿಂದ 17ರಷ್ಟಕ್ಕೆ ಮಣ್ಣು. ಬೆಕ್ಕಿನ ಒಡನಾಟ ಕಾರಣಗಳ ಪಟ್ಟಿಯಲ್ಲೇ ನಿಲ್ಲಲಿಲ್ಲ. ಅವರ ಊಟ ನಮ್ಮ ಊಟ ಅಲ್ಲ, ಒಪ್ಪಿದೆ. ಕುಕ್ಕರಿನಲ್ಲಿ ನಾಲ್ಕು ಸೀಟಿ ಕೂಗಿಸಿದ ಮಟನ್ ಸಾರಿನಲ್ಲಿ ಯಾವ ಕ್ರಿಮಿಯೂ ಉಳಿಯೋದಿಲ್ಲ, ತುಂಡಿನ ಒಳಗೆ 67 ಡಿಗ್ರಿ ಮುಟ್ಟಿದರೆ ಸಾಕು. ತೊಂದರೆ ಇರೋದು ಹೊರಗೆ ಸುಟ್ಟು ಒಳಗೆ ಕೆಂಪಗೆ ಉಳಿದ ಕಬಾಬಿನಲ್ಲಿ, ಮತ್ತೆ ಹಸಿ ಮಾಂಸ ಕತ್ತರಿಸಿದ ಮಣೆಯ ಮೇಲೇ ಹೆಚ್ಚಿದ ಸೌತೆಕಾಯಿಯಲ್ಲಿ. ಕೋಸಂಬರಿಗೆ ಹಾಕೋ ಕ್ಯಾರೆಟ್ಟು, ಕೊತ್ತಂಬರಿಯನ್ನು ಹರಿಯೋ ನೀರಿನಲ್ಲಿ ಚೆನ್ನಾಗಿ ಉಜ್ಜಿ ತೊಳೆಯಬೇಕು. ಉಪ್ಪುನೀರು, ವಿನೆಗರ್ ಹಾಕಿ ನೆನೆಸಿದರೆ ಮೊಟ್ಟೆ ಸಾಯೋದಿಲ್ಲ, ಉಜ್ಜುವಾಗ ಕೊಚ್ಚಿಕೊಂಡು ಹೋಗೋದಷ್ಟೇ ಲಾಭ.

ಈಗ ಅಕ್ಕನ ರಿಪೋರ್ಟಿಗೆ ಬರ್ತೀನಿ, ಯಾಕಂದರೆ ಬೆಕ್ಕಿಗಿಂತ ಹೆಚ್ಚು ಹೆದರಿಸೋದು ಕಾಗದ. ಹತ್ತನೇ ವಾರದಲ್ಲಿ 'ಟಾರ್ಚ್' ಪರೀಕ್ಷೆ ಮಾಡಿಸಿದರು. ಟಾಕ್ಸೊಪ್ಲಾಸ್ಮಾ ಸಾಲಿನಲ್ಲಿ ಐಜಿಜಿ ಪಾಸಿಟಿವ್, ಐಜಿಎಂ ಕೂಡ ಪಾಸಿಟಿವ್. ಅಕ್ಕನ ಅತ್ತೆ ತಕ್ಷಣ, "ಆ ಬೆಕ್ಕನ್ನ ಇವತ್ತೇ ಬಿಟ್ಟು ಬಾ" ಅಂತ ಭಾವನಿಗೆ ಹೇಳಿದರು. ಅಕ್ಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಯಾರೋ ಒಬ್ಬರು ಗರ್ಭವನ್ನೇ ತೆಗೆಸಬೇಕಾಗಬಹುದು ಅಂತಲೂ ಅಂದುಬಿಟ್ಟರು.

ಈ ಎರಡು ಪ್ರತಿಕಾಯಗಳ ಗುಣ ಬೇರೆ ಬೇರೆ. ಐಜಿಜಿ ಒಮ್ಮೆ ಬಂದರೆ ಜೀವನಪೂರ್ತಿ ಇರುತ್ತೆ. ಐಜಿಎಂ ಸೋಂಕಿನ ಮೊದಲ ದಿನಗಳಲ್ಲಿ ಬರುತ್ತೆ, ಆದ್ದರಿಂದ ಅದು ಇದ್ದರೆ 'ಹೊಸ ಸೋಂಕು' ಅಂತ ಓದುತ್ತಾರೆ. ಆದರೆ ಅದು ತಿಂಗಳುಗಟ್ಟಲೆ, ಕೆಲವರಲ್ಲಿ ವರ್ಷಗಟ್ಟಲೆ ಉಳಿಯುತ್ತೆ, ಕೆಲವು ಕಿಟ್ಟುಗಳು ಇಲ್ಲದಿದ್ದರೂ ಇದೆ ಅನ್ನುತ್ತವೆ. ಐಜಿಎಂ ಒಂದನ್ನೇ ನಂಬಿ ಬಸುರಿಯ ವಿಷಯದಲ್ಲಿ ತೀರ್ಮಾನ ಮಾಡಬೇಡಿ ಅಂತ ಅಮೆರಿಕದ ಎಫ್‌ಡಿಎ 1997ರಲ್ಲೇ ವೈದ್ಯರಿಗೆ ಎಚ್ಚರಿಕೆ ಕೊಟ್ಟಿತ್ತು.

ಅಕ್ಕನ ಡಾಕ್ಟರು ಒಳ್ಳೆಯವರು, ಹೆದರಿಸದೆ ಇನ್ನೊಂದು ಪರೀಕ್ಷೆ ಬರೆದರು. ಐಜಿಜಿ ಅವಿಡಿಟಿ ಅಂತ ಅದರ ಹೆಸರು. ಪ್ರತಿಕಾಯ ಕ್ರಿಮಿಯನ್ನು ಎಷ್ಟು ಗಟ್ಟಿಯಾಗಿ ಹಿಡಿಯುತ್ತೆ ಅನ್ನೋದನ್ನ ಅದು ಅಳೆಯುತ್ತೆ. ಹೊಸ ಸೋಂಕಿನಲ್ಲಿ ಹಿಡಿತ ಸಡಿಲ, ತಿಂಗಳು ಕಳೆದಂತೆ ಗಟ್ಟಿ. ಹಿಡಿತ ಗಟ್ಟಿ ಅಂತ ಬಂದರೆ ಸೋಂಕಾಗಿ ಸುಮಾರು ನಾಲ್ಕು ತಿಂಗಳಾದರೂ ಆಗಿದೆ ಅಂತ ಅರ್ಥ. ಅಕ್ಕನಿಗೆ ಹನ್ನೊಂದನೇ ವಾರದಲ್ಲಿ ಗಟ್ಟಿ ಅಂತ ಬಂತು. ಲೆಕ್ಕ ಹಾಕಿ. ಬಸುರಿನ ವಾರಗಳನ್ನು ಎಣಿಸೋದು ಕೊನೇ ಮುಟ್ಟಿನಿಂದ, ಹಾಗಾಗಿ ಹನ್ನೊಂದು ವಾರ ಅಂದರೆ ಗರ್ಭ ನಿಂತು ಒಂಬತ್ತು ವಾರ. ಸೋಂಕಾಗಿ ಹದಿನಾರು ವಾರದ ಮೇಲಾಗಿದೆ. ಅಂದರೆ ಮಗು ಹೊಟ್ಟೆಗೆ ಬರೋ ಮೊದಲೇ ಮುಗಿದ ಕಥೆ, ನಿರೋಧಕ ಶಕ್ತಿ ಇರೋ ತಾಯಿಯಿಂದ ಆ ಹಳೇ ಸೋಂಕು ಮಗುವಿಗೆ ದಾಟೋದಿಲ್ಲ ಅಂತಲೇ ಹೇಳಬಹುದು. ಇದೇ ಪರೀಕ್ಷೆಯನ್ನ ಏಳನೇ ತಿಂಗಳಲ್ಲಿ ಮಾಡಿಸಿದ್ದರೆ ಇಷ್ಟು ಖಚಿತವಾಗಿ ಹೇಳೋಕೆ ಆಗ್ತಿರಲಿಲ್ಲ, ಅದಕ್ಕೇ ಮೊದಲ ತಿಂಗಳುಗಳ ರಕ್ತಕ್ಕೆ ಬೆಲೆ. ಉಲ್ಟಾ ಓದೋ ಹಾಗೂ ಇಲ್ಲ. ಹಿಡಿತ ಸಡಿಲ ಅಂತ ಬಂದರೆ ಸೋಂಕು ಹೊಸದು ಅಂತ ಖಂಡಿತವಾಗಿ ಹೇಳಲಾಗದು, ಕೆಲವರಲ್ಲಿ ಅದು ವರ್ಷದ ಮೇಲೂ ಸಡಿಲವೇ ಇರುತ್ತೆ. ಆಗ ಎರಡು ಮೂರು ವಾರ ಬಿಟ್ಟು ಮತ್ತೆ ರಕ್ತ ಕೊಟ್ಟು ಅಂಕಿ ಏರಿದೆಯಾ ನೋಡಬೇಕು, ಅದೂ ಅದೇ ಲ್ಯಾಬಿನಲ್ಲೇ. ಒಂದು ಲ್ಯಾಬಿನ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸೋದಕ್ಕೆ ಬರೋದಿಲ್ಲ.

ಎರಡೂ ನೆಗೆಟಿವ್ ಬಂದವರು ಮಾತ್ರ ಮೇಲೆ ಹೇಳಿದ ಎಚ್ಚರಿಕೆಯನ್ನೆಲ್ಲ ಒಂಬತ್ತು ತಿಂಗಳೂ ಪಾಲಿಸಬೇಕು. ಅವರಿಗೆ ಹಿಂದೆಂದೂ ಸೋಂಕಾಗಿಲ್ಲ, ಆದ್ದರಿಂದ ರಕ್ಷಣೆಯೂ ಇಲ್ಲ. ಟ್ರೇ ಕೆಲಸ ಗಂಡನದು. ಗಂಡ ಊರಲ್ಲಿಲ್ಲದ ದಿನ ಕೈಗವಸು ಹಾಕಿ, ಆಮೇಲೆ ಸೋಪಿನಲ್ಲಿ ಕೈ ತೊಳೆಯೋದು. ಸ್ಟೀರಾಯ್ಡು ತೆಗೆದುಕೊಳ್ಳುವವರು, ಎಚ್‌ಐವಿ ಇರುವವರು ಹಳೇ ಸೋಂಕಿದ್ದರೂ ಡಾಕ್ಟರಿಗೆ ಹೇಳಲೇಬೇಕು.

ಬಸುರಿನಲ್ಲೇ ಹೊಸ ಸೋಂಕಾಗಿದೆ ಅಂತ ಸಾಬೀತಾದರೂ ಅದು ಮಗುವಿಗೆ ದಾಟಲೇಬೇಕು ಅಂತಿಲ್ಲ. ಮೊದಲ ಮೂರು ತಿಂಗಳಲ್ಲಿ ದಾಟೋದು ಕಡಿಮೆ, ನೂರಕ್ಕೆ 15ರ ಆಸುಪಾಸು ಅಥವಾ ಇನ್ನೂ ಕಡಿಮೆ, ಆದರೆ ದಾಟಿದರೆ ಮಿದುಳಿಗೆ, ಕಣ್ಣಿಗೆ ಆಗೋ ಹಾನಿ ದೊಡ್ಡದು. ಕೊನೇ ತಿಂಗಳುಗಳಲ್ಲಿ 60 ದಾಟಬಹುದು, ಆದರೆ ಹುಟ್ಟುವಾಗ ಹೆಚ್ಚಿನ ಮಕ್ಕಳು ಚೆನ್ನಾಗೇ ಕಾಣುತ್ತವೆ, ಕಣ್ಣಿನ ತೊಂದರೆ ವರ್ಷಗಳ ನಂತರ ಬರಬಹುದು ಅಂತ ಆಗಾಗ ತೋರಿಸುತ್ತಿರಬೇಕು. ಮೊದಲ ತಿಂಗಳುಗಳಲ್ಲಾದರೆ ಸ್ಪಿರಾಮೈಸಿನ್ ಮಾತ್ರೆ ಕೊಡುತ್ತಾರೆ. ಹದಿನೆಂಟು ವಾರ ದಾಟಿದ ಮೇಲೆ ಗರ್ಭದ ನೀರು ತೆಗೆದು ಪಿಸಿಆರ್ ಮಾಡಿ ಮಗುವಿಗೆ ಸೋಂಕಿದೆಯಾ ನೋಡುತ್ತಾರೆ, ಇದ್ದರೆ ಔಷಧಿ ಬದಲಾಗುತ್ತೆ. ಯಾರಾದರೂ ಬರೀ ಒಂದು ಐಜಿಎಂ ಪಾಸಿಟಿವ್ ಹಿಡಿದು "ತೆಗೆಸಿಬಿಡಿ" ಅಂದರೆ, ಅವಿಡಿಟಿ ಮಾಡಿಸಿದ್ದೀರಾ ಅಂತ ಕೇಳಿ, ಇಲ್ಲ ಅಂದರೆ ಇನ್ನೊಬ್ಬ ಡಾಕ್ಟರ ಹತ್ತಿರ ಹೋಗಿ.