ಗಾದೆಗೆ ಗಾದೆ ಜೋಡಿಯಲ್ಲ

ನಮ್ಮ ಭಾಷಾಂತರದ ಪಾಠಗಳಲ್ಲಿ ಒಂದು ಪಟ್ಟಿ ಬಹುಕಾಲದಿಂದ ನಡೆದು ಬಂದಿದೆ. ಎಡಗಡೆ ಕನ್ನಡ ಗಾದೆ, ಬಲಗಡೆ ಅದಕ್ಕೆ 'ಸಮಾನ'ವಾದ ಇಂಗ್ಲಿಷ್ ಗಾದೆ. ವಿದ್ಯಾರ್ಥಿ ಅದನ್ನು ಬಾಯಿಪಾಠ ಮಾಡುತ್ತಾನೆ, ಪರೀಕ್ಷೆಯಲ್ಲಿ ಐದು ಅಂಕ ಗಿಟ್ಟಿಸುತ್ತಾನೆ, ಆಮೇಲೆ ಒಂದು ಕಚೇರಿಯಲ್ಲಿ ಕುಳಿತು ಆ ಪಟ್ಟಿಯನ್ನೇ ನಂಬಿ ವ್ಯಾಪಾರದ ಇ-ಮೇಲ್ ಬರೆಯುತ್ತಾನೆ. ಅಲ್ಲಿಂದ ಅನರ್ಥ ಮೊದಲಾಗುತ್ತದೆ. ಆ ಪಟ್ಟಿಯನ್ನು ವ್ಯವಹಾರದ ಬರವಣಿಗೆಯಿಂದ ಹೊರಗೆ ಹಾಕಬೇಕೆಂಬುದು ನನ್ನ ವಾದ. ಕನ್ನಡದ ಮೇಷ್ಟ್ರೇ ಹೀಗೆನ್ನಬಹುದೆ ಎಂದು ಹುಬ್ಬೇರಿಸುವವರು ಮುಂದಿನ ಪತ್ರವನ್ನು ನೋಡಲಿ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಚನ್ನಪಟ್ಟಣದಲ್ಲಿ ಮರದ ಗೊಂಬೆ ಮಾಡುವ ಒಂದು ಸಣ್ಣ ಕಾರ್ಖಾನೆಯ ಪತ್ರವ್ಯವಹಾರ ನೋಡಿಕೊಳ್ಳುತ್ತಾನೆ. ಆಗಸ್ಟ್ ಕೊನೆಯೊಳಗೆ 6,000 ಗಿಲಕಿ ಕಳಿಸಲಾದೀತೆ ಎಂದು ಇಂಗ್ಲೆಂಡಿನ ವರ್ತಕರೊಬ್ಬರು ಕೇಳಿದರು. ಯಜಮಾನರು ಹೇಳಿ ಬರೆಯಿಸಿದ ಉತ್ತರ ಇದು: "ಹಾಸಿಗೆ ಇದ್ದಷ್ಟು ಕಾಲು ಚಾಚುವವರು ನಾವು. ಆತುರಗಾರನಿಗೆ ಬುದ್ಧಿ ಮಟ್ಟ. ನೋಡೋಣ." ಅಚ್ಚುಕಟ್ಟಾದ ಕನ್ನಡ. ಕನ್ನಡದ ಕಿವಿಗೆ ಇದರಲ್ಲಿ ವಿನಯವೂ ಇದೆ, ಎಚ್ಚರಿಕೆಯೂ ಇದೆ, ನಯವಾದ ನಿರಾಕರಣೆಯೂ ಇದೆ.

ಹುಡುಗ ಪಟ್ಟಿ ತೆರೆದ. ಮೊದಲನೆಯ ವಾಕ್ಯಕ್ಕೆ, ಬಟ್ಟೆ ಇದ್ದಷ್ಟೇ ಕೋಟು ಕತ್ತರಿಸುವ ಇಂಗ್ಲಿಷ್ ಗಾದೆ ಸಿಕ್ಕಿತು. ಎರಡನೆಯದಕ್ಕೆ 'ಹೇಸ್ಟ್ ಮೇಕ್ಸ್ ವೇಸ್ಟ್'. ಮೂರನೆಯದಕ್ಕೆ 'ಲೆಟ್ ಅಸ್ ಸೀ'. ವ್ಯಾಕರಣದ ತಪ್ಪು ಒಂದೂ ಇಲ್ಲ. ಆದರೆ ಅತ್ತ ಓದಿದವರಿಗೆ ಕೇಳಿಸಿದ್ದೇನು? ಕೋಟಿನ ಗಾದೆ ಅವರಲ್ಲಿ ಮುಖ್ಯವಾಗಿ ಹಣದ ಮಾತು; ಈ ಕಾರ್ಖಾನೆಗೆ ದುಡ್ಡಿನ ಮುಗ್ಗಟ್ಟು ಬಂದಿದೆ ಎಂದು ಅವರು ತಿಳಿದರು. ಎರಡನೆಯದು ಗಿರಾಕಿಗೆ ಹೇಳಿದ ಬುದ್ಧಿವಾದವಾಯಿತು: ನೀವು ಅವಸರ ಮಾಡುತ್ತಿದ್ದೀರಿ, ಅದು ತಪ್ಪು. ಮೂರನೆಯದನ್ನು ಅವರು ಒಪ್ಪಿಗೆಯ ಕಡೆಗೆ ವಾಲಿದ ಮಾತೆಂದು ಓದಿದರು. ನಮ್ಮಲ್ಲಿ ಹಿರಿಯರು 'ನೋಡೋಣ' ಎಂದರೆ ಮದುವೆಯ ಮಾತೇ ಮುರಿದುಬೀಳುತ್ತದೆ. ಅವರಲ್ಲಿ ಆ ಮಾತಿಗೆ ಎರಡು ವಾರ ಕಾದು ಕೂರುತ್ತಾರೆ.

ಪಟ್ಟಿಯ ದೋಷ ಇಲ್ಲಿದೆ: ಅದು ಗಾದೆಯ ನೀತಿಯನ್ನು ತೂಗುತ್ತದೆಯೇ ಹೊರತು, ಆ ಪತ್ರದಲ್ಲಿ ಗಾದೆ ಮಾಡುತ್ತಿರುವ ಕೆಲಸವನ್ನು ತೂಗುವುದಿಲ್ಲ. ವ್ಯಾಪಾರದ ಪತ್ರದಲ್ಲಿ ಗಾದೆ ನೀತಿ ಹೇಳಲು ಬರುವುದೇ ಅಪರೂಪ. ಬೇಡವೆನ್ನಲು, ಗಡುವು ಕೇಳಲು, ತಪ್ಪು ಹೊರಿಸಲು, ಕ್ಷಮೆ ಕೋರಲು, ಬೆಲೆ ಇಳಿಸೆನ್ನಲು ಅದು ಬರುತ್ತದೆ. ಹಾಸಿಗೆಯ ಗಾದೆಯೂ ಮೂಲದಲ್ಲಿ ಖರ್ಚಿನ ಮಾತೇ ಸರಿ. ಆದರೆ ನಾವು ಅದನ್ನು ದುಡಿಮೆಗೆ, ಜಾಗಕ್ಕೆ, ಜನಬಲಕ್ಕೆ ಎಲ್ಲಕ್ಕೂ ಹಿಗ್ಗಿಸಿಕೊಂಡಿದ್ದೇವೆ. ಆ ಹಿಗ್ಗು ಕೋಟಿಗೆ ಬರುವುದಿಲ್ಲ.

ಹುಡುಗ ಮೊದಲು ಕೇಳಬೇಕಾಗಿದ್ದ ಪ್ರಶ್ನೆ ಯಜಮಾನರಿಗೆ: "ಸ್ವಾಮಿ, ಇದನ್ನು ಓದಿ ಅವರು ಏನು ಮಾಡಬೇಕು?" ಕೇಳಿದಾಗ ವಿಷಯ ಹೊರಬಿತ್ತು. ಒಣಗಿಸಿಟ್ಟ ಆಲೆಮರ 4,000 ಗಿಲಕಿಗೆ ಮಾತ್ರ ಸಾಕು. ಮಳೆಗಾಲದಲ್ಲಿ ಹೊಸ ಮರ ಬೇಗ ಒಣಗುವುದಿಲ್ಲ. ಹಸಿ ಮರವನ್ನು ಕಡೆದು ಅರಗಿನ ಬಣ್ಣ ಹಚ್ಚಿದರೆ ಆಮೇಲೆ ಮರ ಕುಗ್ಗಿ ಬಿರುಕು ಬಿಡುತ್ತದೆ. ಆದ್ದರಿಂದ ಆಗಸ್ಟ್ 31ರೊಳಗೆ 4,000, ಉಳಿದ 2,000 ಅಕ್ಟೋಬರ್ 15ಕ್ಕೆ. ಒಪ್ಪಿಗೆಯಾದರೆ ಶುಕ್ರವಾರದೊಳಗೆ ತಿಳಿಸಬೇಕು. ಹಾಸಿಗೆಯ ಗಾದೆಯ ಸರಿಯಾದ ಇಂಗ್ಲಿಷ್ ಭಾಷಾಂತರ ಈ ನಾಲ್ಕು ಸಾಲು. ಹುಡುಗ ಎರಡನೆಯ ಪತ್ರವನ್ನು ಹೀಗೆಯೇ ಬರೆದ. ಮರುದಿನವೇ ಒಪ್ಪಿಗೆ ಬಂತು.

ಕಳಿಸುವ ಮುಂಚೆ ಒಂದು ಪರೀಕ್ಷೆ ಉಂಟು. ಕನ್ನಡದ ಮೂಲವನ್ನು ನೋಡದ ಒಬ್ಬರ ಕೈಗೆ ಇಂಗ್ಲಿಷ್ ಪತ್ರ ಕೊಟ್ಟು, 'ಇದು ನಿಮಗೆ ಬಂದಿದ್ದರೆ ಈಗ ಏನು ಮಾಡುತ್ತೀರಿ?' ಎಂದು ಕೇಳುವುದು. ಅವರು ಎಷ್ಟು, ಯಾವಾಗ ಎಂಬುದನ್ನು ಸರಿಯಾಗಿ ಹೇಳಿದರೆ ಭಾಷಾಂತರ ಗೆದ್ದಿತು. 'ಅರ್ಥವಾಯಿತೆ?' ಎಂದು ಮಾತ್ರ ಕೇಳಬೇಡಿ. ಆ ಪ್ರಶ್ನೆಗೆ ಎಲ್ಲರೂ ಹೌದೆನ್ನುತ್ತಾರೆ.

ಅತ್ತಲಿಂದ ಇತ್ತ ಬರುವ ದಾರಿ ಇನ್ನೂ ಅಪಾಯದ್ದು, ಸ್ವಲ್ಪ ತಮಾಷೆಯದೂ ಹೌದು. ನೆರವಾಗುತ್ತೇವೆ ಎನ್ನಲು ಇಂಗ್ಲಿಷಿನವರು 'ಗಿವ್ ಯು ಎ ಹ್ಯಾಂಡ್' ಎನ್ನುತ್ತಾರೆ. ಅದನ್ನು 'ಸಾಗಣೆಯ ವಿಷಯದಲ್ಲಿ ನಿಮಗೆ ಕೈ ಕೊಡುತ್ತೇವೆ' ಎಂದು ಬರೆದರೆ, ನಡುನೀರಿನಲ್ಲಿ ಬಿಟ್ಟುಹೋಗುತ್ತೇವೆಂದು ಮುಂಚಿತವಾಗಿ ನೋಟೀಸು ಕೊಟ್ಟಂತೆ! ಒಬ್ಬರೇ ಹಲವು ಹೊಣೆ ಹೊತ್ತಿದ್ದಾರೆ ಎಂಬುದಕ್ಕೆ ಅವರಲ್ಲಿ ಹಲವು ಟೋಪಿ ಧರಿಸುವ ಮಾತಿದೆ. 'ನಮ್ಮ ವ್ಯವಸ್ಥಾಪಕರು ಹಲವು ಟೋಪಿ ಹಾಕುತ್ತಾರೆ' ಎಂಬ ಕನ್ನಡವನ್ನು ಓದಿದ ಯಾವ ವ್ಯಾಪಾರಿ ಮುಂಗಡ ಕಳಿಸಿಯಾನು? 'ಬಾಲ್ ಈಸ್ ಇನ್ ಯುವರ್ ಕೋರ್ಟ್' ಎಂಬುದನ್ನು ಪತ್ರಿಕೆಗಳು ಚೆಂಡು ಅಂಗಳದಲ್ಲಿದೆ ಎಂದು ಕನ್ನಡಿಸಿ ರೂಢಿಗೆ ತಂದಿವೆ. ಆದರೆ ರಾಜಕಾರಣದ ಸುದ್ದಿಯಿಂದ ಬಂದ ಆ ಮಾತಿಗೆ ಜಗಳದ ವಾಸನೆ ಅಂಟಿದೆ. ಪತ್ರದಲ್ಲಿ ಅದು 'ಇನ್ನು ನಮ್ಮನ್ನು ಕೇಳಬೇಡಿ' ಎಂದು ಕೇಳಿಸುತ್ತದೆ. 'ನಿಮ್ಮ ಉತ್ತರ ಬಂದ ಕೂಡಲೇ ಮುಂದುವರಿಯುತ್ತೇವೆ' ಎಂದರೆ ಸಾಕು.

ಇಂಗ್ಲಿಷ್ ಎಂಬುದು ಒಂದೇ ಎಂಬ ನಂಬಿಕೆಯೂ ಪಟ್ಟಿಯ ಕೊಡುಗೆಯೇ. ಒಂದು ವಿಷಯವನ್ನು 'ಟೇಬಲ್' ಮಾಡೋಣ ಎಂದರೆ ಬ್ರಿಟನ್ನಿನಲ್ಲಿ ಚರ್ಚೆಗೆ ತೆಗೆದುಕೊಳ್ಳೋಣ ಎಂದರ್ಥ. ಅಮೆರಿಕದಲ್ಲಿ ಸದ್ಯಕ್ಕೆ ಬದಿಗಿಡೋಣ ಎಂದರ್ಥ. ನಮ್ಮ ಕಚೇರಿಗಳ 'ರಿವರ್ಟ್' ಉತ್ತರ ಕೊಡುವುದಾದರೆ, ಅವರಲ್ಲಿ ಅದು ಹಿಂದಿನ ಸ್ಥಿತಿಗೆ ಮರಳುವುದು.

ಬಯ್ಯುವ ಗಾದೆಗಳ ವಿಷಯ ಬೇರೆ. ಅರಗು ಕೆಟ್ಟದ್ದಿತ್ತು ಎಂದು ಕಾರಣ ಹೇಳಿದವನಿಗೆ 'ಕುಣಿಯಲಾರದವಳು ನೆಲ ಡೊಂಕೆಂದಳು' ಎಂದು ಬರೆಯಿಸಿದರೆ, ಪಟ್ಟಿ ಕೊಡುವ ಕೆಟ್ಟ ಕೆಲಸಗಾರ ಹಾಗೂ ಹತಾರಗಳ ಇಂಗ್ಲಿಷ್ ಗಾದೆ ಅಷ್ಟೇ ಚುಚ್ಚುತ್ತದೆ. ಇಲ್ಲಿ ಜೋಡಿ ಸರಿಯಾಗಿರುವುದೇ ಕೇಡು. ಹಾಗೆಂದು ಭಾಷಾಂತರಕಾರ ಬೈಗುಳವನ್ನು ನುಂಗಿ ಸಕ್ಕರೆ ಬೆರೆಸಿಯೂ ಕೂಡದು, ಅದು ಬರೆಯಿಸಿದವನಿಗೆ ಮಾಡಿದ ಮೋಸ. ಅವನನ್ನು ಕೇಳಿ, 'ಅರಗು ಕೆಟ್ಟಿತ್ತೆಂಬ ಕಾರಣವನ್ನು ನಾವು ಒಪ್ಪುವುದಿಲ್ಲ' ಎಂದು ಬರೆಯಬೇಕು. ಸಿಟ್ಟು ಹೋಗಿ ಮುಟ್ಟುತ್ತದೆ, ಅವಮಾನ ಮುಟ್ಟುವುದಿಲ್ಲ.

'ಹಾಗಾದರೆ ನಮ್ಮ ನುಡಿಯ ಸೊಗಸು?' ಎಂದು ಸಹೋದ್ಯೋಗಿಗಳು ಕೇಳುತ್ತಾರೆ. ಕಾದಂಬರಿಯನ್ನು ಭಾಷಾಂತರಿಸುವಾಗ ಹಾಸಿಗೆ ಹಾಸಿಗೆಯಾಗಿಯೇ ಹೋಗಲಿ, ಕೋಟಾಗುವುದು ಬೇಡ ಎಂದು ನಾನೇ ಜಗಳಕ್ಕೆ ನಿಲ್ಲುತ್ತೇನೆ. ಅಲ್ಲಿ ಓದುಗ ನಮ್ಮ ಮನೆಯನ್ನು ನೋಡಲೆಂದೇ ಬಂದವನು. ವ್ಯಾಪಾರದ ಪತ್ರದಲ್ಲೂ ಗಾದೆಗೆ ಒಂದು ಜಾಗವಿದೆ: ಕೊಡುಕೊಳ್ಳುವ ಮಾತೆಲ್ಲ ಮುಗಿದ ಮೇಲೆ, ಕೃತಜ್ಞತೆಯ ಸಾಲಿನಲ್ಲಿ. 'ಕೈ ಕೆಸರಾದರೆ ಬಾಯಿ ಮೊಸರು ಎಂದು ನಮ್ಮ ಕಡೆ ಹೇಳುತ್ತಾರೆ. ಮೊಸರು ನಮಗೆ ಹಬ್ಬದೂಟದ ರುಚಿ' ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಬರೆದರೆ ಓದಿದವರು ನಕ್ಕಾರು, ನೆನಪಿಟ್ಟುಕೊಂಡಾರು. ಅದರ ಬದಲು 'ನೋ ಪೈನ್, ನೋ ಗೇನ್' ಎಂದರೆ ಗರಡಿಮನೆಯ ಗೋಡೆಬರಹವಾದೀತು. ಗಾದೆಯನ್ನು ಹೊಡೆದುಹಾಕಿದರೂ ಪತ್ರದ ಲೆಕ್ಕ ಒಂದು ಕಾಸೂ ಕೆಡಬಾರದು. ಆಗ ಮಾತ್ರ ಅದನ್ನು ಉಳಿಸಿಕೊಳ್ಳಬಹುದು.

ಪರೀಕ್ಷೆಯಲ್ಲಿ 'ಸಮಾನ ಗಾದೆ ಬರೆಯಿರಿ' ಎಂಬ ಪ್ರಶ್ನೆಯನ್ನು ತೆಗೆದು, ಗಾದೆಯುಳ್ಳ ಒಂದು ಪತ್ರ ಕೊಟ್ಟು 'ಇದನ್ನು ಗಾದೆಯಿಲ್ಲದೆ ಇಂಗ್ಲಿಷಿಗೆ ತನ್ನಿ, ದಿನಾಂಕವೂ ಸಂಖ್ಯೆಯೂ ತಪ್ಪಬಾರದು' ಎಂದು ಕೇಳೋಣ ಎಂದು ನಾನು ಸೂಚಿಸಿ ವರ್ಷವಾಯಿತು. ಮಕ್ಕಳಿಗೆ ಸುಲಭದ ಐದು ಅಂಕ ತಪ್ಪಿಹೋಗುತ್ತದೆ ಎಂಬ ಉತ್ತರ ಬಂದಿದೆ. ಜೊತೆಗೆ, ನೋಡೋಣ ಎಂದೂ ಹೇಳಿದ್ದಾರೆ.