ಯುಗಾದಿಯೇ ಇಲ್ಲದ ಲೆಕ್ಕದ ವರ್ಷ

2023ರಲ್ಲಿ ಯುಗಾದಿ ಬಂದದ್ದು ಮಾರ್ಚ್ 22ಕ್ಕೆ. 2024ರಲ್ಲಿ ಏಪ್ರಿಲ್ 9ಕ್ಕೆ. ನಡುವೆ ಅಧಿಕ ಮಾಸ ಬಂದಿತ್ತು, ಹಾಗಾಗಿ 384 ದಿನಗಳ ಅಂತರ. ಪಂಚಾಂಗ ನೋಡುವವರಿಗೆ ಇದು ಮಾಮೂಲಿ ಸಂಗತಿ. ಆದರೆ ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಲೆಕ್ಕ ಬರೆಯುವ ಸೇವಾ ಸಂಸ್ಥೆಯ ಪುಸ್ತಕ ತೆರೆದರೆ ವಿಚಿತ್ರವೊಂದು ಕಾಣುತ್ತದೆ: 2023–24ರ ಸಾಲಿಗೆ ಯುಗಾದಿಯೇ ಇಲ್ಲ. ಮರುವರ್ಷಕ್ಕೆ ಎರಡು ಯುಗಾದಿ, ಏಕೆಂದರೆ ಮುಂದಿನ ಹಬ್ಬ 2025ರ ಮಾರ್ಚ್ 30ಕ್ಕೇ ಬಂತು. ಪ್ರತಿ ಯುಗಾದಿಗೆ ತಪ್ಪದೆ ಐನೂರು ರೂಪಾಯಿ ಕೊಡುವ ಒಬ್ಬ ದಾನಿ ಈ ಪುಸ್ತಕದಲ್ಲಿ ಮೊದಲು ಕಳೆದುಹೋದವರಂತೆ ಕಾಣುತ್ತಾರೆ, ಆಮೇಲೆ ಇದ್ದಕ್ಕಿದ್ದಂತೆ ದುಪ್ಪಟ್ಟು ಉದಾರಿಯಂತೆ. ಅವರು ಮಾತ್ರ ಎಂದಿನಂತೆಯೇ ಇದ್ದರು.

ದೇಣಿಗೆ ಅಭಿಯಾನ ಗೆದ್ದಿತೋ ಇಲ್ಲವೋ ಎಂಬುದು ತಿಳಿಯುವುದು ಹಣ ಬಂದ ದಿನವಲ್ಲ, ಅದೇ ವ್ಯಕ್ತಿ ಎರಡನೇ ಬಾರಿ ಕೊಟ್ಟ ದಿನ. ಅಮೆರಿಕದಲ್ಲಿ ಫಂಡ್‌ರೈಸಿಂಗ್ ಎಫೆಕ್ಟಿವ್‌ನೆಸ್ ಪ್ರಾಜೆಕ್ಟ್ ಎಂಬ ಅಧ್ಯಯನ ಇದನ್ನು ವರ್ಷಗಳಿಂದ ಅಳೆಯುತ್ತಿದೆ. ಮೊದಲ ಸಲ ಕೊಟ್ಟವರಲ್ಲಿ ಮರುವರ್ಷ ಮತ್ತೆ ಕೊಡುವವರು ಐವರಲ್ಲಿ ಸುಮಾರು ಒಬ್ಬರು. ಹೀಗೆ ಒಮ್ಮೆ ಮರಳಿದವರಲ್ಲಿ ಅದರ ಮುಂದಿನ ವರ್ಷವೂ ಕೊಡುವವರು ಅರ್ಧಕ್ಕಿಂತ ಹೆಚ್ಚು. ಕಷ್ಟವಿರುವುದು ಆ ಎರಡನೆಯ ಹೆಜ್ಜೆಯಲ್ಲಿ. ಕಥೆ, ಜಾಹೀರಾತು, ರಸೀದಿ ಮೂರೂ ಆ ಹೆಜ್ಜೆಯನ್ನು ಸುಲಭಗೊಳಿಸುತ್ತಿವೆಯೇ ಎಂದೇ ನೋಡಬೇಕು.

ಕಥೆಯಿಂದ ಶುರು ಮಾಡೋಣ. ಸ್ಮಾಲ್, ಲೋವೆನ್‌ಸ್ಟೈನ್, ಸ್ಲೋವಿಕ್ ಎಂಬ ಮೂವರು ಸಂಶೋಧಕರು 2007ರಲ್ಲಿ ಪ್ರಕಟಿಸಿದ ಪ್ರಯೋಗ ಈ ಕ್ಷೇತ್ರದಲ್ಲಿ ಬಹಳ ಪ್ರಸಿದ್ಧ. ಐದು ಡಾಲರ್ ಕೈಗೆ ಕೊಟ್ಟು, ಅದರಲ್ಲಿ ಎಷ್ಟು ದಾನ ಮಾಡುತ್ತೀರಿ ಎಂದು ಕೇಳಿದರು. ಆಫ್ರಿಕಾದ ಹಸಿವಿನ ಅಂಕಿಅಂಶ ಓದಿದವರು ಸರಾಸರಿ 1.14 ಡಾಲರ್ ಕೊಟ್ಟರು. ಮಾಲಿ ದೇಶದ ರೋಕಿಯಾ ಎಂಬ ಏಳು ವರ್ಷದ ಹುಡುಗಿಯ ಬಗ್ಗೆ ಓದಿದವರು 2.38 ಡಾಲರ್ ಕೊಟ್ಟರು. ಎರಡನ್ನೂ ಸೇರಿಸಿ ಕೊಟ್ಟಾಗ ಬಂದದ್ದು 1.43. ಅಂಕಿ ಸೇರಿದೊಡನೆ ಹುಡುಗಿ ಮಸುಕಾದಳು.

ಇಷ್ಟನ್ನೇ ಹಿಡಿದುಕೊಂಡು ಎಷ್ಟೋ ಸಂಸ್ಥೆಗಳು ಒಂದು ಮಗುವಿನ ಮುಖ ಹಾಕಿ ಮನವಿ ಬರೆಯುತ್ತವೆ. ಆದರೆ ಆ ಪ್ರಯೋಗ ಅಳೆದದ್ದು ಮೊದಲ ದಾನವನ್ನು ಮಾತ್ರ. ಮುಂದೇನಾಗಬಹುದು ಎಂಬುದಕ್ಕೆ ಕಿವಾ ಸಂಸ್ಥೆಯ ಅನುಭವ ನೋಡಬೇಕು. ಅದು ದಾನದ್ದಲ್ಲ, ಬಡ್ಡಿಯಿಲ್ಲದೆ ಸಣ್ಣ ಸಾಲ ಕೊಡಿಸುವ ಜಾಲತಾಣ. ಫೋಟೊದಲ್ಲಿರುವ ಹೆಂಗಸಿಗೇ ತಮ್ಮ 25 ಡಾಲರ್ ಹೋಗುತ್ತದೆ ಎಂದು ಕೊಟ್ಟವರು ನಂಬಿದ್ದರು. ಸ್ಥಳೀಯ ಸಂಸ್ಥೆಗಳು ಆ ಸಾಲವನ್ನು ಬಹುಪಾಲು ಮೊದಲೇ ಕೊಟ್ಟುಬಿಟ್ಟಿರುತ್ತವೆ ಎಂದು 2009ರಲ್ಲಿ ಡೇವಿಡ್ ರೂಡ್‌ಮನ್ ಎಂಬ ಅರ್ಥಶಾಸ್ತ್ರಜ್ಞ ತೋರಿಸಿಕೊಟ್ಟರು. ಕಿವಾ ತನ್ನ ಮುಖಪುಟದ ಮಾತನ್ನು ಬದಲಿಸಬೇಕಾಯಿತು. ಹಣವೆಲ್ಲ ಒಂದೇ ನಿಧಿಗೆ ಸೇರುವುದಾದರೆ ‘ಇಂಥ ಮಕ್ಕಳಿಗಾಗಿ’ ಎನ್ನಬೇಕೇ ಹೊರತು ‘ಈ ಮಗುವಿಗೆ’ ಎನ್ನಬಾರದು. ‘ಈ ಮಗು’ ಎಂದು ಕರೆದವರು ಮರುವರ್ಷ ಆ ಮಗು ಹೇಗಿದೆ ಎಂದು ಹೇಳಲೇಬೇಕಾಗುತ್ತದೆ. ಪಾಲನೆ, ರಕ್ಷಣೆ ಬೇಕಾದ ಮಕ್ಕಳ ವಿಷಯದಲ್ಲಂತೂ ಬಾಲನ್ಯಾಯ ಕಾಯಿದೆಯ 74ನೇ ಕಲಂ ಗುರುತು ಬಯಲು ಮಾಡುವುದನ್ನೇ ನಿಷೇಧಿಸುತ್ತದೆ.

ಇನ್ನು ಜಾಹೀರಾತು. ಗೂಗಲ್ ಸಂಸ್ಥೆ 2003ರಿಂದ ‘ಆ್ಯಡ್ ಗ್ರಾಂಟ್ಸ್’ ಹೆಸರಿನಲ್ಲಿ ಲಾಭರಹಿತ ಸಂಸ್ಥೆಗಳಿಗೆ ತಿಂಗಳಿಗೆ 10,000 ಡಾಲರ್‌ವರೆಗಿನ ಹುಡುಕಾಟದ ಜಾಹೀರಾತನ್ನು ಪುಕ್ಕಟೆ ಕೊಡುತ್ತದೆ. ಇದು ಕೈಗೆ ಬರುವ ಹಣವಲ್ಲ, ಆ ತಿಂಗಳು ಬಳಸದಿದ್ದರೆ ಉಳಿಯುವುದೂ ಇಲ್ಲ. ಸರ್ಕಾರಿ ಸಂಸ್ಥೆಗಳು, ಆಸ್ಪತ್ರೆಗಳು, ಶಾಲಾ ಕಾಲೇಜುಗಳು ಇದಕ್ಕೆ ಅರ್ಹವಲ್ಲ. ಒಂದು ಹಳ್ಳಿಯ ಶಾಲೆ ಅರ್ಜಿ ಹಾಕಿದರೆ ತಿರಸ್ಕಾರವಾಗುತ್ತದೆ. ಆ ಶಾಲೆಗೆ ಪುಸ್ತಕ ಕಳಿಸುವ ನೋಂದಾಯಿತ ಟ್ರಸ್ಟ್‌ಗೆ ಮಾತ್ರ ದಾರಿ ತೆರೆದಿರುತ್ತದೆ. ನೋಂದಣಿ ಪತ್ರಗಳ ಪರಿಶೀಲನೆ ಮುಗಿಯಬೇಕು, ಸಂಸ್ಥೆಗೆ ಸ್ವಂತ ಹೆಸರಿನ ಸುರಕ್ಷಿತ ಜಾಲತಾಣ ಇರಬೇಕು. ಫೇಸ್‌ಬುಕ್ ಪುಟ ಸಾಲದು.

ಖಾತೆ ಸಿಕ್ಕ ಮೇಲೆ ಅದನ್ನು ಉಳಿಸಿಕೊಳ್ಳುವುದು ಇನ್ನೊಂದು ಕೆಲಸ. ಜಾಹೀರಾತು ಕಂಡವರಲ್ಲಿ ನೂರಕ್ಕೆ ಐವರಾದರೂ ಅದನ್ನು ಒತ್ತಬೇಕು. ಸತತ ಎರಡು ತಿಂಗಳು ಅದಕ್ಕಿಂತ ಕೆಳಗಿಳಿದರೆ ಖಾತೆ ತಾತ್ಕಾಲಿಕವಾಗಿ ನಿಲ್ಲಬಹುದು. ಮೇಲೆ ಹೇಳಿದಂಥ ಒಂದು ಟ್ರಸ್ಟ್ ‘ಶಾಲಾ ಪುಸ್ತಕ’ ಎಂಬ ಪದಕ್ಕೆ ಜಾಹೀರಾತು ಕೊಟ್ಟಿತು ಎಂದುಕೊಳ್ಳೋಣ. ಅದು 4,000 ಬಾರಿ ಕಾಣಿಸಿತು, 120 ಮಂದಿ ಒತ್ತಿದರು. ಅಂದರೆ ಶೇ. 3. ಆ ಪದ ಹುಡುಕಿದವರಲ್ಲಿ ಬಹಳಷ್ಟು ಮಂದಿಗೆ ಬೇಕಾಗಿದ್ದುದು ಪಠ್ಯಪುಸ್ತಕದ ಪಿಡಿಎಫ್. ಖಾತೆಯೊಳಗೆ ಜನ ನಿಜವಾಗಿ ಟೈಪಿಸಿದ ಮಾತುಗಳ ಪಟ್ಟಿ ಸಿಗುತ್ತದೆ, ರೋಗ ಅಲ್ಲೇ ಕಾಣುತ್ತದೆ. ‘ಪಿಡಿಎಫ್’, ‘ಡೌನ್‌ಲೋಡ್’ ಎಂಬ ಪದಗಳಿಗೆ ಜಾಹೀರಾತು ತೋರಿಸಬೇಡ ಎಂದು ನಿಷೇಧ ಹಾಕಿ, ‘ಹಳ್ಳಿ ಶಾಲೆಗೆ ಪುಸ್ತಕ ದಾನ’ದಂಥ ಪೂರ್ತಿ ಮಾತನ್ನು ಹಿಡಿದರೆ 1,500 ಬಾರಿ ಕಂಡು 105 ಮಂದಿ ಒತ್ತುತ್ತಾರೆ, ಶೇ. 7. ಬಂದವರು ಹದಿನೈದು ಕಡಿಮೆ, ಆದರೆ ಅವರೆಲ್ಲ ಕೊಡಲೆಂದೇ ಹುಡುಕಿದವರು.

ಇಲ್ಲೇ ಇನ್ನೊಂದು ಸೂಕ್ಷ್ಮವಿದೆ. ದಾನ ಆಯಿತು ಎಂದು ಖಾತೆಗೆ ತಿಳಿಯುವುದು ಸಾಮಾನ್ಯವಾಗಿ ‘ಧನ್ಯವಾದ’ ಪುಟ ತೆರೆದಾಗ. ಫೋನ್‌ನಲ್ಲಿ ಯುಪಿಐ ಆ್ಯಪ್‌ಗೆ ಹೋಗಿ ಹಣ ಕಳಿಸಿದವರು ಎಷ್ಟೋ ಸಲ ಆ ಪುಟಕ್ಕೆ ಮರಳುವುದೇ ಇಲ್ಲ. ಮರಳಿದವರು ಪುಟವನ್ನು ಎರಡು ಸಲ ತೆರೆದರೆ ಒಂದು ದಾನ ಎರಡಾಗುತ್ತದೆ. ಪ್ರತಿ ಪಾವತಿಯ ಸಂಖ್ಯೆಯನ್ನೂ ಜೊತೆಗೆ ಕಳಿಸಿದರೆ ಎರಡನೆಯ ತೊಂದರೆ ತಪ್ಪುತ್ತದೆ. ಮೊದಲನೆಯದಕ್ಕೆ ತಿಂಗಳ ಕೊನೆಯಲ್ಲಿ ಬ್ಯಾಂಕ್ ಲೆಕ್ಕದೊಡನೆ ತಾಳೆ ನೋಡದೆ ಬೇರೆ ದಾರಿಯಿಲ್ಲ.

ಮತ್ತೆ ರಸೀದಿ ಪುಸ್ತಕಕ್ಕೆ ಬರೋಣ. ಅಲ್ಲಿ ಒಬ್ಬರೇ ಮೂವರಾಗಿರುತ್ತಾರೆ: ಒಮ್ಮೆ ಕನ್ನಡದಲ್ಲಿ ಪೂರ್ತಿ ಹೆಸರು, ಒಮ್ಮೆ ಇಂಗ್ಲಿಷಿನಲ್ಲಿ ಇನಿಷಿಯಲ್, ಇನ್ನೊಮ್ಮೆ ಮಗನ ಫೋನ್‌ನಿಂದ ಬಂದ ಹಣ. ಇವರನ್ನು ಒಂದುಗೂಡಿಸುವ ಕೀಲಿ ಸಂಸ್ಥೆಯ ಕೈಯಲ್ಲೇ ಇದೆ. 80ಜಿ ಮಾನ್ಯತೆ ಇರುವ ಸಂಸ್ಥೆಗಳು 2021–22ರ ಸಾಲಿನಿಂದ ದಾನಿಗಳ ವಿವರವನ್ನು 10ಬಿಡಿ ನಮೂನೆಯಲ್ಲಿ ಸಲ್ಲಿಸುತ್ತ ಬಂದಿವೆ. ಅದಕ್ಕೆ ಪ್ಯಾನ್‌ನಂಥ ಗುರುತಿನ ಸಂಖ್ಯೆ ಬೇಕು. ತೆರಿಗೆಗೆಂದು ಪಡೆದ ಆ ಸಂಖ್ಯೆಯೇ ಮರಳಿ ಬಂದವರನ್ನು ಗುರುತಿಸುವ ದಾರವೂ ಆಗುತ್ತದೆ. ಸಣ್ಣ ಮೊತ್ತ ಕೊಟ್ಟು ಪ್ಯಾನ್ ಬೇಡವೆಂದವರಿಗೆ ಫೋನ್ ಸಂಖ್ಯೆಯೇ ಗತಿ. ಹೆಸರನ್ನು ನಂಬಿ ಇಬ್ಬರನ್ನು ಒಬ್ಬರೆಂದು ಮಾಡಬಾರದು.

ಗುರುತು ಸಿಕ್ಕ ಮೇಲೆ ಉಳಿಯುವುದು ಕಾಲದ ಪ್ರಶ್ನೆ. ಆರ್ಥಿಕ ವರ್ಷವನ್ನು ಲೆಕ್ಕ ಪರಿಶೋಧಕರಿಗೆ ಬಿಟ್ಟು, ಪ್ರತಿ ದಾನಿಯ ಮೊದಲ ದೇಣಿಗೆಯ ದಿನದಿಂದಲೇ ಎಣಿಸಬೇಕು. ಹನ್ನೆರಡು ತಿಂಗಳು ಸಾಲದು. 2022ರ ಅಕ್ಟೋಬರ್ 24ರ ದೀಪಾವಳಿಗೆ ಕೊಟ್ಟವರು ಮರುವರ್ಷ ನವೆಂಬರ್ 12ರ ಹಬ್ಬಕ್ಕೆ ಕೊಡುವಾಗ ಅಲ್ಲಿಯೂ 384 ದಿನ ಕಳೆದಿತ್ತು. ಹದಿನಾಲ್ಕು ತಿಂಗಳ ಗಡಿ ಇಟ್ಟುಕೊಂಡರೆ ಅಧಿಕ ಮಾಸವೂ ಅದರೊಳಗೆ ಬರುತ್ತದೆ. ಯುಗಾದಿಯ ದಾನಿಗೆ ‘ನಮ್ಮನ್ನು ಮರೆತಿರಾ?’ ಎಂಬ ಪತ್ರ ಮಾರ್ಚ್ 31ಕ್ಕೆ ಹೋಗುವುದಿಲ್ಲ. ಅದರ ಬದಲು ಹಬ್ಬಕ್ಕೆ ವಾರ ಮುಂಚೆ, ಹೋದ ಸಲದ ಐನೂರು ರೂಪಾಯಿ ಸೇರಿದ್ದ ನಿಧಿಯಿಂದ ಯಾವ ಊರಿನ ಶಾಲೆಗೆ ಪೆಟ್ಟಿಗೆ ಹೋಯಿತು, ಅದರಲ್ಲಿ ಎಷ್ಟು ಪುಸ್ತಕ ಇನ್ನೂ ಓಡಾಡುತ್ತಿವೆ, ಎಷ್ಟು ಹರಿದಿವೆ ಎಂದು ತಿಳಿಸುವ ನಾಲ್ಕು ಸಾಲಿನ ಕಾಗದ ಹೋಗುತ್ತದೆ.