ಮುದ್ದೆ ಬುಟ್ಟು ಟೀ ಕುಡುದ್ರೆ

ಹೋದ ತಿಂಗ್ಳು ಮಳವಳ್ಳಿಗೆ ತಂಗಿ ಮನೆಗೆ ಹೋಗಿದ್ದೆ. ರಾತ್ರಿ ಎಲ್ರಿಗೂ ಬಿಸಿ ಮುದ್ದೆ, ಉಪ್ಸಾರು ಬಡಿಸಿ ಅವಳು ಮಾತ್ರ ನಾಕು ಚೂರು ಸೌತೆಕಾಯಿ ತಿಂದ್ಳು. ಯಾಕವ್ವ ಅಂದೆ. "ತೂಕ ಇಳಿಸ್ಬೇಕು ಅಂದವ್ರೆ ಡಾಕ್ಟ್ರು. ರಾತ್ರಿ ಮುದ್ದೆ ಬುಟ್ಟು ಮೂರು ತಿಂಗ್ಳಾಯ್ತು, ವಸೀನೂ ಇಳೀಲಿಲ್ಲ ಕನಕ್ಕ" ಅಂದ್ಳು. ಒಂಬತ್ತು ಗಂಟೆಗೆ ಹೊಟ್ಟೆ ಹಸೀತು ಅಂತವ ಒಂದು ಲೋಟ ಟೀ ಕಾಯಿಸ್ಕೊಂಡ್ಳು. ಅದು ಆವತ್ತಿಗೆ ಐದನೇದು. ಮುದ್ದೆ ಉಣ್ಣೋ ಕಾಲ್ದಲ್ಲಿ ಮೂರೇ ಲೋಟ ಕುಡೀತಿದ್ಳಂತೆ.

ಅವಳಿಗೆ ಬುದ್ಧಿ ಹೇಳೋಕೆ ಮುಂಚೆ ನಮ್ಮನೆ ಲೆಕ್ಕ ನೋಡ್ಬೇಕು ಅನ್ನಿಸ್ತು. ಮಂಡ್ಯದಲ್ಲಿ ನಾವಿರೋದು ಗಂಡ ಹೆಂಡ್ತಿ ಇಬ್ರೇ. ಒಂದು ಸೋಮವಾರ ಒಂದು ಕೆ.ಜಿ. ಸಕ್ರೆ ಪ್ಯಾಕೆಟ್ ಒಡೆದು ಬೇರೆ ಡಬ್ಬಕ್ಕೆ ಹಾಕಿ, ಟೀ ಕಾಫಿಗೆ ಬುಟ್ರೆ ಇನ್ಯಾವುದಕ್ಕೂ ಮುಟ್ಟಲಿಲ್ಲ. ಭಾನುವಾರ ರಾತ್ರಿಗೆ ಡಬ್ಬ ಖಾಲಿ! ನಂಗೇ ನಂಬಿಕೆ ಬರಲಿಲ್ಲ.

ಲೆಕ್ಕ ಹಾಕಿ ನೋಡಿ. ಏಳು ದಿನಕ್ಕೆ ಒಂದು ಕೆ.ಜಿ. ಅಂದ್ರೆ ಒಬ್ಬೊಬ್ರ ಹೊಟ್ಟೆಗೆ ದಿನಕ್ಕೆ 70 ಗ್ರಾಂ. ಐದು ಲೋಟ ಕುಡಿಯೋರಿಗೆ ಲೋಟಕ್ಕೆ 14 ಗ್ರಾಂ. ಚಮಚ ಸಮವಾಗಿ ತುಂಬಿದ್ರೆ ಸುಮಾರು 5 ಗ್ರಾಂ ಹಿಡೀತದೆ. ನಾವು ಎರಡು ಚಮಚ ಅಂತ ಹೇಳ್ಕೊಂಡು ಗೋಪುರದಂಗೆ ತುಂಬಿ ಹಾಕೋದ್ರಿಂದ ಅದು ಮೂರು ಚಮಚ ಆಗೋಗಿರ್ತದೆ. ವಿಶ್ವ ಆರೋಗ್ಯ ಸಂಸ್ಥೆಯೋರು ಹಿಂಗೆ ಮೇಲೆ ಬೆರೆಸೋ ಸಕ್ರೆ ದಿನಕ್ಕೆ 25 ಗ್ರಾಂ ಒಳಗಿದ್ರೆ ಒಳ್ಳೇದು ಅಂತಾರೆ. ಎರಡನೇ ಲೋಟಕ್ಕೇ ನಮ್ದು ಅದನ್ನ ದಾಟಿರ್ತದೆ.

ಈಗ ಕ್ಯಾಲೊರಿ. ಬರೀ ಟೀ ಪುಡಿ, ಕಾಫಿ ಪುಡೀಲಿ ಹೆಚ್ಚುಕಮ್ಮಿ ಏನೂ ಇಲ್ಲ. ಸಕ್ರೆ ಒಂದು ಗ್ರಾಮಿಗೆ 4, ಅಂದ್ರೆ 14 ಗ್ರಾಮಿಗೆ 56. ಅರ್ಧ ಲೋಟ ಹಾಲು, ನೀಲಿ ಪ್ಯಾಕೆಟ್ಟಿಂದು, 75 ಎಂ.ಎಲ್. ಅಂದ್ರೂ ಸುಮಾರು 45. ಎರಡೂ ಕೂಡಿದ್ರೆ ಲೋಟಕ್ಕೆ ನೂರು, ಐದು ಲೋಟಕ್ಕೆ ಐನೂರು. ಮನೇಲಿ ಎಮ್ಮೆ ಕಟ್ಟಿರೋರಿಗೆ ಇನ್ನೂ ಜಾಸ್ತಿ, ಆ ಹಾಲಲ್ಲಿ ಕೊಬ್ಬು ಹೆಚ್ಚು.

ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೇಲಿ ಇರೋದು ಸುಮಾರು 320. ನನ್ ತಂಗಿ ಆ ಮುದ್ದೆ ಬುಟ್ಟು ಎರಡು ಲೋಟ ಟೀ ಹೆಚ್ಚಿಸ್ಕೊಂಡ್ಳಲ್ಲ, ಉಳಿಸಿದ್ರಲ್ಲಿ ಅರ್ಧಕ್ಕಿಂತ ಜಾಸ್ತಿ ಅಲ್ಲೇ ವಾಪಸ್ ಬಂತು. ರಾಗೀಲಿರೋ ನಾರೂ ಹೋಯ್ತು, ಹೊಟ್ಟೆ ತುಂಬಿದಂಗೂ ಆಗಲಿಲ್ಲ. ಟೀ ಕುಡುದ್ರೆ ಗಂಟೆ ಹೊತ್ತಿಗೆ ಮತ್ತೆ ಹಸಿವು. ಅದ್ಕೇ ನನ್ನ ಮಾತು ಇಷ್ಟೇಯ: ಬುಡೋದಾದ್ರೆ ಮೊದ್ಲು ಲೋಟದ ಸಕ್ರೆ ಬುಡಿ, ಮುದ್ದೆ ಆಮೇಲೆ ನೋಡಾನ.

"ನಾವು ಬೆಲ್ಲದ ಕಾಫಿ ಕುಡಿಯೋದು, ನಮಗೇನೂ ಇಲ್ಲ" ಅನ್ನೋರು ನಮ್ಮ ಕಡೆ ಬೇಕಾದಷ್ಟು ಜನ ಅವ್ರೆ. 1933ರಲ್ಲಿ ಶುರುವಾದ ಮೈಸೂರು ಸಕ್ಕರೆ ಕಂಪನಿಯ ಫ್ಯಾಕ್ಟ್ರಿಗೆ ಹೋಗೋದೂ ಆಲೆಮನೆಗೆ ಹೋಗೋದೂ ಅದೇ ಕಬ್ಬು ಕನ್ರವ್ವ. ಬೆಲ್ಲದಲ್ಲಿ ಕ್ಯಾಲೊರಿ ಸಕ್ರೆಗಿಂತ ವಸಿ ಕಮ್ಮಿ ಅಷ್ಟೆ. ಸಕ್ರೆ ಕಾಯಿಲೆ ಇರೋರಿಗೆ ಎರಡೂ ಒಂದೇ.

ನಾನು ಮಾಡಿದ್ದು ಇಷ್ಟು. ಸಕ್ರೆ ಹಾಕಿ ಕುದಿಸೋದು ನಿಲ್ಲಿಸ್ದೆ. ಪಾತ್ರೇಲೇ ಸುರಿದ್ರೆ ಯಾರ ಲೋಟಕ್ಕೆ ಎಷ್ಟು ಹೋಯ್ತು ಗೊತ್ತೇ ಆಗಲ್ಲ. ಸೋಸಿದ ಮೇಲೆ ಅವರವರ ಲೋಟಕ್ಕೆ, ಚಮಚದ ತಲೆ ಬೆರಳಲ್ಲಿ ಸವರಿ ಹಾಕ್ದೆ. ಹತ್ತು ಹದಿನೈದು ದಿನಕ್ಕೊಂದ್ಸಲ ಅರ್ಧ ಚಮಚ ಇಳಿಸ್ದೆ. ಒಂದೇ ಸಲ ಇಳಿಸಿದ್ರೆ ನಮ್ಮನೆಯೋರು ಲೋಟ ದಬ್ಬಿ ಎದ್ದೋಗ್ತಿದ್ರು. ಈಗ ದಿನಕ್ಕೆ ಮೂರು ಲೋಟ, ಲೋಟಕ್ಕೆ ಒಂದು ಚಮಚ. ಐನೂರು ಇದ್ದದ್ದು ಇನ್ನೂರಕ್ಕೆ ಬಂದದೆ. ಉಳಿದ ಮುನ್ನೂರು ಹತ್ತತ್ರ ಒಂದು ಮುದ್ದೆ. ಹಾಲು ಕಮ್ಮಿ ಮಾಡಲಿಲ್ಲ, ನಮ್ಮ ವಯಸ್ಸಿನ ಮೂಳೆಗೆ ಅದು ಬೇಕು. ಸಕ್ರೆ ಕಾಯಿಲೆಗೆ ಮಾತ್ರೆ, ಇಂಜೆಕ್ಷನ್ ತಕೊಳ್ಳೋರು ಮಾತ್ರ ಡಾಕ್ಟ್ರನ್ನ ಕೇಳ್ದೆ ಊಟ ಬುಡೋದಾಗಲಿ, ಬದಲಾಯಿಸೋದಾಗಲಿ ಮಾಡ್ಬೇಡಿ.

ಕಷ್ಟ ಇರೋದು ನೆಂಟ್ರ ಮನೇಲಿ. ತವರು ಮದ್ದೂರಿಗೆ ಹೋದ್ರೆ ನಾಕು ಮನೆ ಹೊಕ್ಕು ಬರೋದ್ರೊಳಗೆ ನಾಕು ಲೋಟ. ಬ್ಯಾಡ ಅಂದ್ರೆ "ನಮ್ಮನೆ ಟೀ ಸೇರಲ್ವ?" ಅಂತಾರೆ. ಅತ್ಗೇರೇ, ಅಕ್ಕಂದಿರೇ, ಕುಡಿಯೋರನ್ನ ಅನ್ನೋಕೆ ಮುಂಚೆ ಕಾಯಿಸಿ ಕೊಡೋ ನಾವು ಬದಲಾಗ್ಬೇಕು. ಲೋಟ ಕೊಡೋವಾಗ "ಸಕ್ರೆ ಎಷ್ಟು ಹಾಕ್ಲಿ?" ಅಂತ ಒಂದು ಮಾತು ಕೇಳಿ. ಸಣ್ಣ ಲೋಟದಲ್ಲಿ ಕೊಟ್ರೆ ಮರ್ವಾದೆ ಏನೂ ಕಮ್ಮಿ ಆಗಲ್ಲ.

ತಂಗಿಗೆ ಫೋನ್ ಮಾಡಿ ಲೆಕ್ಕ ಒಪ್ಪಿಸ್ದೆ. ಇವತ್ತು ಸೋಮವಾರ, ಅವಳೂ ಹೊಸ ಪ್ಯಾಕೆಟ್ ಒಡೆದವಳೆ. ರಾತ್ರಿಗೆ ಮುದ್ದೆ ಕಟ್ಟಿ, ಉಂಡ ಮೇಲೇ ಫೋನ್ ಮಾಡು ಅಂದಿವ್ನಿ.